ತಾರಸಿಯ ನೀರು ಸಂಪಿಗೆ ಇಳಿಯುವ ಮುನ್ನ

ಅಕ್ಟೋಬರ್‌ನಲ್ಲಿ ಚೆನ್ನೈಯ ಮೊದಲ ದೊಡ್ಡ ಮಳೆ ಬಿದ್ದಾಗ, ತಾರಸಿಯಿಂದ ಇಳಿಯುವ ಪೈಪಿನ ಕೆಳಗೆ ಒಂದು ಬಿಳಿ ಬಕೆಟ್ ಇಟ್ಟು ನೋಡಿ. ಮೊದಲ ಬಕೆಟ್ಟಿನ ನೀರು ಚಹಾದ ಬಣ್ಣಕ್ಕಿರುತ್ತದೆ. ಕಾಗೆಯ ಹಿಕ್ಕೆ, ಬೇವಿನೆಲೆ, ಬೇಸಿಗೆಯುದ್ದಕ್ಕೂ ಕೂತ ಧೂಳು ಎಲ್ಲವೂ ಅದರಲ್ಲಿ ಇರುತ್ತವೆ. ಕಾಲು ಗಂಟೆ ಬಿಟ್ಟು ಇನ್ನೊಂದು ಬಕೆಟ್ ಹಿಡಿದರೆ ತಳ ಕಾಣುವಷ್ಟು ತಿಳಿ ನೀರು. ನಮ್ಮ ಅಜ್ಜಿ ಮಳೆನೀರಿಗೆ ಹಂಡೆ ಇಡುವಾಗ "ಮೊದಲು ಮಾಡು ತೊಳೆದುಕೊಳ್ಳಲಿ, ತಡಿ" ಎನ್ನುತ್ತಿದ್ದರು. ಇಂದು ಪ್ಲಂಬರುಗಳು 'ಫಸ್ಟ್ ಫ್ಲಶ್' ಎನ್ನುವುದು ಇದನ್ನೇ.

ತಮಿಳುನಾಡಿನಲ್ಲಿ 2003ರಲ್ಲಿ ಎಲ್ಲ ಕಟ್ಟಡಗಳಿಗೂ ಮಳೆನೀರು ಸಂಗ್ರಹ ಕಡ್ಡಾಯವಾಯಿತು. ನಮ್ಮ ಮನೆಯಲ್ಲೂ ಆಗ ಒಂದು ಪೈಪು ಬಾವಿಗೆ ಇಳಿಯಿತು. ಆದರೆ 2019ರ ಬೇಸಿಗೆಯಲ್ಲಿ ಊರಿನ ಕೆರೆಗಳೇ ಒಣಗಿ, ಲಾರಿ ನೀರಿಗೆ ಕೊಡ ಹಿಡಿದು ಕಾದ ಮೇಲಷ್ಟೇ, ನೀರನ್ನು ಸಂಪಿನಲ್ಲೂ ತುಂಬಿಡಬೇಕೆಂದು ಸೋಸುವ ಡ್ರಮ್ ಕೂರಿಸಿದೆವು. ಮೊದಲ ವರ್ಷ ಅದು ಕೆಟ್ಟೇಹೋಯಿತು. ಯಾಕೆ ಕೆಟ್ಟಿತೆಂಬುದನ್ನು ಹೇಳಿದರೆ ನಿಮಗೆ ಉಪಯೋಗವಾದೀತು.

ಒಂದು ಚದರ ಮೀಟರ್ ತಾರಸಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ತಾರಸಿ ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ. ಮೊದಲ ಒಂದು ಮಿಲಿಮೀಟರ್ ಮಳೆಯನ್ನು ಹೊರಗೆ ಬಿಡಬೇಕೆಂದರೂ 100 ಲೀಟರ್ ಆಯಿತು. ಪ್ಲಂಬರು ಇದಕ್ಕಾಗಿ ನಾಲ್ಕು ಇಂಚಿನ ಪೈಪನ್ನು ಎರಡು ಮೀಟರ್ ಕೆಳಗಿಳಿಸಿ ಬಿರಡೆ ಹಾಕಿದ್ದ. ಅಂಥ ಪೈಪಿನಲ್ಲಿ ಮೀಟರಿಗೆ ಸುಮಾರು ಎಂಟು ಲೀಟರ್ ಹಿಡಿಯುತ್ತದೆ. ಅಂದರೆ ಹದಿನಾರು ಲೀಟರ್ ಕೊಳೆನೀರು ನಿಂತು, ಮಿಕ್ಕದ್ದೆಲ್ಲ ಸೋಸುವ ಡ್ರಮ್ಮಿಗೇ ಹೋಯಿತು. ಎರಡನೇ ಮಳೆಗೆ ಮರಳಿನ ಮೇಲೆ ಕೆನೆಯಂತೆ ಕೆಸರು ಕಟ್ಟಿತ್ತು. ನಾಲ್ಕನೆಯದಕ್ಕೆ ಸಂಪಿನ ನೀರು ವಾಸನೆ ಬಂತು.

ಈಗ ಆ ಜಾಗದಲ್ಲಿ ಬಿಗಿ ಮುಚ್ಚಳದ ನೂರು ಲೀಟರ್ ಡ್ರಮ್ ಇದೆ. ಪೈಪಿನ 'ಟೀ' ಜೋಡಣೆಯಿಂದ ನೀರು ಮೊದಲು ಇದಕ್ಕೆ ಇಳಿಯುತ್ತದೆ. ತುಂಬಿದಾಗ ಒಳಗಿನ ಪ್ಲಾಸ್ಟಿಕ್ ಚೆಂಡು ತೇಲಿ ಬಾಯಿ ಮುಚ್ಚುತ್ತದೆ, ಆಮೇಲಿನ ನೀರು ನೇರವಾಗಿ ಮುಂದೆ ಹೋಗುತ್ತದೆ. ಡ್ರಮ್ಮಿನ ತಳದ ನಲ್ಲಿಯನ್ನು ಹನಿಹನಿ ಬೀಳುವಷ್ಟು ತೆರೆದಿಡಬೇಕು. ಇಲ್ಲದಿದ್ದರೆ ಅದು ತುಂಬಿಯೇ ಇದ್ದು, ಮುಂದಿನ ಮಳೆಯ ಕೊಳೆಗೆ ಜಾಗವೇ ಇರುವುದಿಲ್ಲ.

ಇನ್ನು ಸೋಸುವ ಡ್ರಮ್. ಇದು ಮೂರಡಿ ಎತ್ತರದ, ಇನ್ನೂರು ಲೀಟರಿನ ನೀಲಿ ಡ್ರಮ್. ತಳದಲ್ಲಿ, ನೀರು ಹೊರಹೋಗುವ ತೂತಿನ ಪೈಪಿನ ಸುತ್ತ, ಐದು ಇಂಚು ದಪ್ಪ ಜಲ್ಲಿ. ಅದರ ಮೇಲೆ ಮೂರು ಇಂಚು ಸಣ್ಣ ಜಲ್ಲಿ. ಆಮೇಲೆ ನೈಲಾನ್ ಬಲೆ ಹಾಸಿ ಆರು ಇಂಚು ಮರದ ಇದ್ದಿಲು, ಮತ್ತೆ ಬಲೆ, ಒಂಬತ್ತು ಇಂಚು ದಪ್ಪ ಮರಳು. ಎಲ್ಲಕ್ಕಿಂತ ಮೇಲೆ, ಬೀಳುವ ನೀರು ಮರಳನ್ನು ತೋಡದಂತೆ ಎರಡು ಇಂಚು ಜಲ್ಲಿ. ಇದ್ದಿಲು ಹಗುರ, ಬಲೆಯಿಲ್ಲದಿದ್ದರೆ ತೇಲಿ ಮೇಲೆ ಬರುತ್ತದೆ. ಅದನ್ನು ಮರಳಿನ ಕೆಳಗೇ ಇಡಬೇಕು. ಮೇಲಿಟ್ಟರೆ ಕೆಸರು ಮೆತ್ತಿಕೊಂಡು, ವಾಸನೆ ಎಳೆಯುವ ಅದರ ಗುಣವೇ ಹೋಗುತ್ತದೆ. ನಾನು ಇದ್ದಿಲನ್ನು ತೊಳೆಯದೆ ಹಾಕಿಸಿದೆ, ಸಂಪಿಗೆ ಮಸಿನೀರು ಬಂತು! ಒಲೆಯ ಬೂದಿ ಮೆತ್ತಿದ ಕೆಂಡದ ಚೂರು ಬೇಡ, ಗಟ್ಟಿ ಇದ್ದಿಲನ್ನೇ ಅಡಿಕೆ ಗಾತ್ರಕ್ಕೆ ಒಡೆದು, ನೀರು ತಿಳಿಯಾಗುವವರೆಗೆ ತೊಳೆಯಿರಿ.

ಮರಳು ದಪ್ಪ ಕಣದ್ದಾಗಿರಲಿ. ಒಂದು ಹಿಡಿಯನ್ನು ಗಾಜಿನ ಸೀಸೆಯ ನೀರಿನಲ್ಲಿ ಕುಲುಕಿಡಿ. ಒಂದು ನಿಮಿಷದಲ್ಲಿ ತಿಳಿಯಾಗದಿದ್ದರೆ ಅದರಲ್ಲಿ ಮಣ್ಣಿದೆ ಎಂದರ್ಥ. ಹತ್ತಿರವೇ ಇದೆಯೆಂದು ಬೀಚಿನ ಮರಳು ತರುವ ಯೋಚನೆ ಬೇಡ, ಅದರಲ್ಲಿ ಉಪ್ಪು.

ಡ್ರಮ್ಮಿನ ಶಕ್ತಿಯನ್ನು ಬಕೆಟ್ಟು, ಗಡಿಯಾರ ಇಟ್ಟುಕೊಂಡು ಅಳೆಯಬಹುದು. ನಮ್ಮದರಲ್ಲಿ ಹದಿನೈದು ಲೀಟರ್ ಬಕೆಟ್ ತುಂಬಲು 40 ಸೆಕೆಂಡು, ಅಂದರೆ ಗಂಟೆಗೆ 1350 ಲೀಟರ್. ಗಂಟೆಗೆ 30 ಮಿಲಿಮೀಟರ್ ಮಳೆ ಸುರಿದರೆ ತಾರಸಿಯಿಂದ ಬರುವುದು ಹತ್ತಿರಹತ್ತಿರ 3000 ಲೀಟರ್. ಹೀಗಾಗಿ ಡ್ರಮ್ಮಿನ ಮೇಲಂಚಿನಲ್ಲಿ ಇನ್ನೊಂದು ಪೈಪು ಜೋಡಿಸಿ, ಹೆಚ್ಚಾದದ್ದನ್ನು ಬಾವಿಗೆ ಬಿಟ್ಟಿದ್ದೇವೆ. ಅದೇ ಬಕೆಟ್ಟಿಗೆ ಒಂದೂವರೆ ನಿಮಿಷ ಹಿಡಿಯತೊಡಗಿದರೆ ಮೇಲಿನ ಎರಡು ಇಂಚು ಮರಳನ್ನು ತೆಗೆದು ತೊಳೆದು ಹಾಕುತ್ತೇನೆ. ಇದ್ದಿಲನ್ನು ಮಾತ್ರ ಪ್ರತಿ ಸೆಪ್ಟೆಂಬರಿನಲ್ಲಿ ಹೊಸದಾಗಿ ಹಾಕುತ್ತೇನೆ. ಹಳೆಯದರ ಸಂದುಗಳು ತುಂಬಿಹೋಗಿ ಕ್ರಿಮಿಗಳಿಗೆ ಮನೆಯಾಗುತ್ತದೆ.

ಇಷ್ಟೆಲ್ಲ ಮಾಡಿದರೂ ಈ ಡ್ರಮ್ ಕ್ರಿಮಿಗಳನ್ನು ಕೊಲ್ಲುವುದಿಲ್ಲ. ಸಂಪಿಗೆ ಬೆಳಕು ಬೀಳದ ಮುಚ್ಚಳ, ಗಾಳಿ ಪೈಪಿಗೆ ಸೊಳ್ಳೆ ಬಲೆ ಇರಲಿ. ಪಾತ್ರೆ, ಬಟ್ಟೆ, ಸ್ನಾನಕ್ಕೆ ನೀರನ್ನು ಹಾಗೆಯೇ ಬಳಸುತ್ತೇವೆ. ಅಡಿಗೆ ಮನೆಯ ಕುಡಿಯುವ ನೀರಿನ ಕೊಡಕ್ಕೆ ಮಾತ್ರ ಚೆನ್ನಾಗಿ ಕುದಿಸಿ ಆರಿಸಿಯೇ ತುಂಬುತ್ತೇನೆ.