ಅರ್ಧ ಹಾಳೆಯ ಚೀಟಿ

ಗದಗ-ಬೆಟಗೇರಿ ಅವಳಿ ನಗರ ಮುದ್ರಣಕ್ಕೆ ಹೆಸರಾದ ಊರು. ಇಲ್ಲಿನ ಓಣಿಗಳಲ್ಲಿ ನಡೆಯುವಾಗ ಕಿವಿ ಚುರುಕಾಗಿದ್ದರೆ ಸಾಕು, ಯಾವ ಮನೆಯಲ್ಲಿ ಪ್ರೆಸ್ ಇದೆ ಎಂದು ಬೋರ್ಡು ನೋಡದೆಯೇ ಹೇಳಬಹುದು. ಆಫ್‌ಸೆಟ್ ಯಂತ್ರ ಹಾಳೆ ಎಳೆದುಕೊಳ್ಳುವ ಸದ್ದು ಒಂದೇ ಲಯದಲ್ಲಿ ಬೀದಿಯವರೆಗೂ ಬರುತ್ತದೆ. ಶ್ರಾವಣದ ಒಂದು ಸೋಮವಾರ, ಜಿಟಿಜಿಟಿ ಮಳೆಯಲ್ಲಿ, ಅಂಥದೇ ಸದ್ದು ಹಿಡಿದು ಒಂದು ಸಣ್ಣ ಪ್ರೆಸ್‌ನೊಳಗೆ ಹೋದೆ. ನೋಡಬೇಕೆಂದಿದ್ದದ್ದು ಯಂತ್ರವನ್ನಲ್ಲ, ಗಿರಾಕಿಗಳು ತರುವ ಚೀಟಿಗಳನ್ನು.

ಒಳಗೆ ಕಾಲಿಟ್ಟರೆ ಮೊದಲು ಸಿಗುವುದು ಮಾಲೀಕರ ಮೇಜು. ಅದರ ಪಕ್ಕದ ಗೋಡೆಯಲ್ಲಿ ಒಂದು ಕಬ್ಬಿಣದ ಸರಳು, ಅದಕ್ಕೆ ಚುಚ್ಚಿದ ನೂರಾರು ಚೀಟಿಗಳು. ಮದುವೆ, ಸೀಮಂತ, ನಾಟಕ, ಕೋಚಿಂಗ್ ಕ್ಲಾಸು, ಬಿತ್ತನೆ ಬೀಜದ ಅಂಗಡಿ. ಮೇಜಿನ ಎಡಕ್ಕೆ ಡಿಟಿಪಿ ಮಾಡುವ ಹುಡುಗಿಯ ಕಂಪ್ಯೂಟರ್. ಅದರಾಚೆ 15×20 ಇಂಚಿನ ಮಿನಿ ಆಫ್‌ಸೆಟ್ ಯಂತ್ರ. ಹಿಂದಿನ ಕತ್ತಲೆ ಕೋಣೆಯಲ್ಲಿ ಕಟಿಂಗ್ ಮಶೀನು ಮತ್ತು ಗೋಡೆಗುಂಟ ಜೋಡಿಸಿದ ಕಾಗದದ ರೀಮುಗಳು. ಹತ್ತು ಹೆಜ್ಜೆಯಲ್ಲಿ ಇಡೀ ಪ್ರೆಸ್ ಮುಗಿಯುತ್ತದೆ.

ನಾನು ಕೂತ ಸ್ವಲ್ಪ ಹೊತ್ತಿಗೆ ಹತ್ತಿರದ ಹಳ್ಳಿಯ ಮಾಸ್ತರೊಬ್ಬರು ಕೊಡೆ ಮಡಚುತ್ತ ಬಂದರು. ಊರಿನ ತರುಣ ಸಂಘದವರು ಬರುವ ಭಾನುವಾರ ಉಚಿತ ಕಣ್ಣಿನ ತಪಾಸಣೆ ಇಟ್ಟುಕೊಂಡಿದ್ದಾರೆ, ಅದರ ಕರಪತ್ರ ಆಗಬೇಕು. ನೋಟ್‌ಬುಕ್ಕಿನ ಅರ್ಧ ಹಾಳೆಯಲ್ಲಿ ಬರೆದುಕೊಂಡು ಬಂದಿದ್ದ ಚೀಟಿ ಹೀಗಿತ್ತು: "ಕರಪತ್ರ, ಎ5 ಸೈಜು, ಒಳ್ಳೆ ಪೇಪರ್, 5,000 ಪ್ರತಿ, ಲಗೂನ ಬೇಕು."

ಮಾಲೀಕರು ಓದಿದರು. "ಛಲೋ ಬರ್ದೀರಿ ಸರ. ಆದ್ರ ಇದರಾಗ ಒಂದನ್ನೂ ನಾನು ಯಂತ್ರಕ್ಕ ಹಾಕಾಕ ಬರಂಗಿಲ್ಲ ನೋಡ್ರಿ," ಎಂದು ಎದ್ದು ಹಿಂದಿನ ಕೋಣೆಗೆ ಕರೆದೊಯ್ದರು. ನಾನೂ ಹಿಂಬಾಲಿಸಿದೆ.

ಅಲ್ಲಿ ಒಂದು ಹಾಳೆ ತೆಗೆದು ಕಟಿಂಗ್ ಮಶೀನಿನ ಮೇಲೆ ಹಾಸಿದರು. ಡೆಮಿ ಹಾಳೆ, 18×23 ಇಂಚು. ನಮ್ಮ ಕಡೆಯ ಸಣ್ಣ ಪ್ರೆಸ್‌ಗಳ ಮಾತೆಲ್ಲ ಈ ಹಾಳೆಯ ಲೆಕ್ಕದಲ್ಲೇ ನಡೆಯುತ್ತದೆ. ಇದನ್ನು ಎಂಟು ಸಮಭಾಗ ಮಾಡಿದರೆ ಒಂದೊಂದು ತುಂಡೂ 5¾×9 ಇಂಚು ಬರುತ್ತದೆ. ಅಂಚು ಸವರಿದ ಮೇಲೆ ಕೈಗೆ ಸಿಗುವುದು ಸುಮಾರು 5½×8½. ಇದೇ ಡೆಮಿ 1/8, ನಾವು ಬಸ್‌ಸ್ಟ್ಯಾಂಡಿನಲ್ಲಿ ಇಸಿದುಕೊಳ್ಳುವ ಮಾಮೂಲಿ ಹ್ಯಾಂಡ್‌ಬಿಲ್ಲಿನ ಅಳತೆ.

ಮಾಸ್ತರು ಬರೆದ ಎ5 ಅಂದರೆ 148×210 ಮಿಲಿಮೀಟರ್. ಕಣ್ಣಿಗೆ ಎರಡೂ ಒಂದೇ. ಮಾಲೀಕರು ಸ್ಕೇಲು ಹಿಡಿದು ಹಾಳೆಯ ಉದ್ದದ ಬದಿಗೆ 148ರಂತೆ ನಾಲ್ಕು ಗುರುತು ಹಾಕುತ್ತ ಹೋದರು. ನಾಲ್ಕನೆಯ ಗುರುತು ಹಾಳೆ ದಾಟಿ ಮಶೀನಿನ ಮೇಲೆ ಬಿತ್ತು. ನಾಲ್ಕಕ್ಕೆ 592 ಮಿ.ಮೀ. ಬೇಕು, 23 ಇಂಚಿನ ಹಾಳೆಯಲ್ಲಿ ಇರುವುದು 584. ಎಂಟೇ ಮಿಲಿಮೀಟರ್ ಕಮ್ಮಿ. ಆ ಎಂಟು ಮಿಲಿಮೀಟರಿಗಾಗಿ ಒಂದು ಸಾಲಿಗೆ ನಾಲ್ಕರ ಬದಲು ಮೂರು, ಹಾಳೆಗೆ ಎಂಟರ ಬದಲು ಆರು ಪ್ರತಿ ಮಾತ್ರ ಹುಟ್ಟುತ್ತವೆ. 5,000 ಕರಪತ್ರಕ್ಕೆ ಡೆಮಿ 1/8 ಆದರೆ 625 ಹಾಳೆ ಸಾಕು, ಎ5 ಆದರೆ 834 ಬೇಕು. ಬೇರೆ ಅಳತೆಯ ದೊಡ್ಡ ಹಾಳೆ ತರಿಸಿ ಎ5 ಅನ್ನು ಲುಕ್ಸಾನಿಲ್ಲದೆ ಕತ್ತರಿಸುವ ದಾರಿಯೂ ಉಂಟು. ಆದರೆ ಅದು ಈ ಪ್ರೆಸ್‌ನಲ್ಲಿ ದಾಸ್ತಾನಿಲ್ಲ, ತರಿಸಲು ಒಂದು ದಿನ ಹಿಡಿಯುತ್ತದೆ. ಮಾಸ್ತರು ಮರುಮಾತಿಲ್ಲದೆ ಎ5 ಹೊಡೆದು ಹಾಕಿ ಡೆಮಿ 1/8 ಎಂದು ಬರೆದರು.

"ಇನ್ನ ಒಳ್ಳೆ ಪೇಪರ್ ಅಂದ್ರ ಯಾವ್ದ್ರಿ?" ಮಾಲೀಕರ ಮುಂದಿನ ಪ್ರಶ್ನೆ.

ಮಾಸ್ತರು ಪಕ್ಕದಲ್ಲಿದ್ದ ಮಿರುಗುವ ಆರ್ಟ್ ಪೇಪರನ್ನು ಮುಟ್ಟಿ ನೋಡಿದರು. ಅದು ಬಣ್ಣದ ಚಿತ್ರಕ್ಕೆ ಸರಿ. ಒಂದೇ ಬಣ್ಣದ ಕರಪತ್ರಕ್ಕೆ ಮ್ಯಾಪ್‌ಲಿಥೊ ಸಾಕು, ಮಸಿಯೂ ಅದರಲ್ಲಿ ಬೇಗ ಇಂಗುತ್ತದೆ. ಆದರೆ ಮ್ಯಾಪ್‌ಲಿಥೊ ಎಂದಷ್ಟೇ ಬರೆದರೂ ಚೀಟಿ ಪೂರ್ತಿಯಾಗಲಿಲ್ಲ, ದಪ್ಪ ಹೇಳಬೇಕು. ಮಾಲೀಕರು 60 ಜಿಎಸ್‌ಎಂ ಮತ್ತು 70 ಜಿಎಸ್‌ಎಂ ಕಾಗದದಲ್ಲಿ ಹಿಂದೆ ಅಚ್ಚಾದ ಎರಡು ಕರಪತ್ರ ತಂದು ಬಾಗಿಲ ಬೆಳಕಿಗೆ ಹಿಡಿದರು. 60ರದ್ದರಲ್ಲಿ ಹಿಂಬದಿಯ ಭಾವಚಿತ್ರದ ಕಪ್ಪು ಈ ಬದಿಯ ಅಕ್ಷರಗಳ ನಡುವೆ ಕಲೆಯಂತೆ ಕಾಣುತ್ತಿತ್ತು. 70ರದ್ದು ಅದಕ್ಕಿಂತ ಎಷ್ಟೋ ಮೇಲು. ಮಾಸ್ತರ ಕರಪತ್ರಕ್ಕೆ ಹಿಂದೆ ವೈದ್ಯರ ಫೋಟೊ, ಮುಂದೆ ಹಿರಿಯರು ಓದಬೇಕಾದ ಸೂಚನೆಗಳು. ಕಣ್ಣು ಮಂಜಾದವರು ಓದುವ ಕಾಗದದಲ್ಲಿ ಹಿಂಬದಿಯ ಕಲೆ ತೋರಬಾರದು. 70 ಎಂದು ಗೊತ್ತಾಯಿತು. ಒಂದೇ ಬಾಜು ಮುದ್ರಣವಾಗಿದ್ದರೆ 60 ಧಾರಾಳ ಸಾಕಿತ್ತು.

ರೀಮಿನ ಹೊದಿಕೆಯ ಮೇಲಿನ ಚೀಟಿಯನ್ನೂ ಓದಿ ತೋರಿಸಿದರು. ಅಳತೆ, ಜಿಎಸ್‌ಎಂ, 500 ಹಾಳೆ, ತೂಕ 9.3 ಕೆ.ಜಿ. ಅದೇ ಅಳತೆಯ 60 ಜಿಎಸ್‌ಎಂ ರೀಮು ಎಂಟು ಕೆ.ಜಿ. ತೂಗುತ್ತದೆ. ಹೇಳಿದ ಕಾಗದವನ್ನೇ ಹಾಕಿದ್ದಾರೋ ಇಲ್ಲವೋ ಎಂಬ ಅನುಮಾನ ಬಂದರೆ ತಕ್ಕಡಿಯೇ ಸಾಕ್ಷಿ.

ಸಂಖ್ಯೆಯ ವಿಷಯಕ್ಕೆ ಬಂದಾಗ ನನಗೆ ಬಹಳ ಹೊಸದೊಂದು ಲೆಕ್ಕ ಸಿಕ್ಕಿತು. 5,000 ಯಾಕೆ ಎಂದು ಮಾಲೀಕರು ಕೇಳಿದರು. ಮಾಸ್ತರ ಬಳಿ ಉತ್ತರವಿರಲಿಲ್ಲ, ಅದು ಬಾಯಿಗೆ ಬರುವ ಸಂಖ್ಯೆ. ಇಬ್ಬರೂ ಕೂತು ಲೆಕ್ಕ ಹಾಕಿದರು. ಸುತ್ತಲಿನ ಪತ್ರಿಕೆ ಏಜೆಂಟರ ಮೂಲಕ ಪೇಪರಿನೊಳಗೆ ಇಟ್ಟು ಹಂಚಲು 2,400, ಹಳ್ಳಿಗಳಲ್ಲಿ ಕೈಯಿಂದ ಕೊಡಲು 1,200. ಒಟ್ಟು 3,600. "ಹಂಗಾದ್ರ 4,000 ಮಾಡ್ರಿ," ಎಂದರು ಮಾಸ್ತರು.

ಮಾಲೀಕರು ಅದಕ್ಕೂ ತಲೆಯಾಡಿಸಲಿಲ್ಲ. 4,000ಕ್ಕೆ ಸರಿಯಾಗಿ 500 ಹಾಳೆ, ಅಂದರೆ ಒಂದು ರೀಮು. ಆದರೆ ಯಂತ್ರಕ್ಕೆ ಪ್ಲೇಟು ಕಟ್ಟಿ, ಮಸಿ ಮತ್ತು ನೀರಿನ ಹದ ಬರುವ ತನಕ, ಅಕ್ಷರ ಸ್ಥಳಕ್ಕೆ ಕೂರುವ ತನಕ ಒಂದಷ್ಟು ಹಾಳೆ ಹಾಳಾಗಲೇಬೇಕು. ನೂರಕ್ಕೆ ಐದು ಎಂದು ಅವರು ಹಿಡಿಯುತ್ತಾರೆ. ಒಂದು ರೀಮಿನಲ್ಲಿ 25 ಹಾಳೆ ಹೋಗಿ 475 ಉಳಿದರೆ 3,800 ಪ್ರತಿ. ಭರ್ತಿ 4,000 ಬೇಕೆಂದರೆ 25 ಹಾಳೆಗಾಗಿ ಇನ್ನೊಂದು ರೀಮು ಒಡೆಯಬೇಕು. "3,800 ಅಂತ ಬರೀರಿ ಸರ. ನಿಮಗ ಇನ್ನೂರು ಹೆಚ್ಚಿಗಿ ಉಳೀತಾವ, ನನಗ ರೀಮು ಒಡ್ಯೂದು ತಪ್ಪತೈತಿ." ಗಿರಾಕಿ ಐದು ಸಾವಿರ ಎಂದಿದ್ದನ್ನು 3,800ಕ್ಕೆ ಇಳಿಸಿದ ಮುದ್ರಕರನ್ನು ಕಂಡು ನನಗೆ ಗೌರವ ಮೂಡಿತು.

ಅಷ್ಟರಲ್ಲಿ ಯಂತ್ರದ ಬಳಿ ಬೇರೆ ಕೆಲಸವೊಂದರ ಹಾಳೆಗಳು ಬರುತ್ತಿದ್ದವು. ಮಾಸ್ತರ ಕೆಲಸವೂ ಹಾಗೆಯೇ ಆಗುತ್ತದೆ ಎಂದು ಮಶೀನ್‌ಮನ್ ತೋರಿಸಿದರು. ಪೂರ್ತಿ ಡೆಮಿ ಈ ಯಂತ್ರದಲ್ಲಿ ಹಿಡಿಯುವುದಿಲ್ಲ. ಹಾಳೆಯನ್ನು ಎರಡು ಮಾಡಿ 11½×18 ಇಂಚಿನ ಅರ್ಧ ಹಾಳೆ ಹಾಕುತ್ತಾರೆ. ಒಂದು ರೀಮಿಗೆ ಅರ್ಧ ಹಾಳೆ 1,000. ಪ್ರತಿ ಅರ್ಧ ಹಾಳೆಯಲ್ಲಿ ನಾಲ್ಕು ಮನೆ. ಎಡದ ಎರಡರಲ್ಲಿ ಕರಪತ್ರದ ಮುಂಬದಿ, ಬಲದ ಎರಡರಲ್ಲಿ ಹಿಂಬದಿ, ಎಲ್ಲವೂ ಒಂದೇ ಪ್ಲೇಟಿನಲ್ಲಿ. ಒಂದು ಬಾಜು ಮುದ್ರಿಸಿ, ಒಣಗಿಸಿ, ಹಾಳೆಯನ್ನು ಎಡದಿಂದ ಬಲಕ್ಕೆ ಮಗುಚಿ ಅದೇ ಪ್ಲೇಟಿನಿಂದ ಇನ್ನೊಂದು ಬಾಜು ಹೊಡೆದರೆ ಪ್ರತಿ ಮುಂಬದಿಯ ಹಿಂದೆ ಅದರ ಹಿಂಬದಿ ಬಂದು ಕೂರುತ್ತದೆ. ಪ್ರೆಸ್ ಭಾಷೆಯಲ್ಲಿ ಇದು ಸೆಲ್ಫ್ ಬ್ಯಾಕ್. ಎರಡನೆಯ ಪ್ಲೇಟಿನ ಖರ್ಚು ಉಳಿಯುತ್ತದೆ. ಚೀಟಿಯಲ್ಲಿ "ಎರಡು ಬಾಜು, ಒಂದೇ ಬಣ್ಣ" ಎಂಬ ಮಾತು ಮೊದಲ ದಿನವೇ ಇದ್ದರೆ ಮಾತ್ರ ಇದು ಸಾಧ್ಯ. ಮುಂಬದಿಗೆ ಪ್ಲೇಟು ಮಾಡಿಸಿದ ಮೇಲೆ ಹಿಂದೆಯೂ ಏನಾದರೂ ಹಾಕೋಣ ಎಂದರೆ ಆ ಉಳಿತಾಯ ಹೋಯಿತು.

ನಡುವೆ ಬಂದ "ಒಣಗಿಸಿ" ಎಂಬ ಮಾತಿನಲ್ಲೇ ಗಡುವಿನ ಕಷ್ಟ ಇದೆ. ಮಳೆಗಾಲದ ತೇವದಲ್ಲಿ ಮಸಿ ನಿಧಾನ ಒಣಗುತ್ತದೆ. ಅವಸರದಿಂದ ಮಗುಚಿದರೆ ಒಂದು ಹಾಳೆಯ ಮಸಿ ಮೇಲಿನ ಹಾಳೆಯ ಬೆನ್ನಿಗೆ ಅಂಟುತ್ತದೆ. ಹೆಬ್ಬೆರಳಿನಿಂದ ಕಪ್ಪು ಜಾಗವನ್ನು ಮೆಲ್ಲಗೆ ಉಜ್ಜಿ, ಬೆರಳು ಸ್ವಚ್ಛ ಬಂದ ಮೇಲೆಯೇ ಮಶೀನ್‌ಮನ್ ಹಾಳೆ ಮಗುಚುವುದು.

ಹಾಗಾಗಿ "ಲಗೂನ" ಎಂಬುದನ್ನು ಮಾಲೀಕರು ಹಿಂದಿನಿಂದ ಬಿಡಿಸಿದರು. ಶಿಬಿರ ಭಾನುವಾರ. ಪೇಪರಿನ ಜೊತೆ ಹಂಚುವುದು ಶುಕ್ರವಾರ ನಸುಕಿನಲ್ಲಿ. ಏಜೆಂಟರ ಕೈಗೆ ಗುರುವಾರ ಸಂಜೆಯೇ ಮುಟ್ಟಬೇಕು. ಗುರುವಾರ ಕಟಿಂಗ್, ಬುಧವಾರ ಬೆಳಿಗ್ಗೆ ಒಂದು ಬಾಜು, ರಾತ್ರಿ ಇನ್ನೊಂದು ಬಾಜು. ಅಂದರೆ ಪ್ರೂಫ್ ಒಪ್ಪಿಗೆ ಮಂಗಳವಾರ ಸಂಜೆಯೊಳಗೆ ಬರಬೇಕು, ನಾಳೆಯೇ. ಮಾಸ್ತರಿಗೆ ಇನ್ನೂ ಒಬ್ಬ ವೈದ್ಯರ ಹೆಸರು ಖಾತ್ರಿಯಾಗಿರಲಿಲ್ಲ. ಅಲ್ಲಿಂದಲೇ ಫೋನ್ ಹಚ್ಚಿದರು.

ಡಿಟಿಪಿ ಹುಡುಗಿ ಒಂದು ಮಾತು ಸೇರಿಸಿದಳು. ಮಾಸ್ತರು ಮಜಕೂರನ್ನು ವಾಟ್ಸಾಪ್‌ನಲ್ಲಿ ಕಳಿಸಿದ್ದರು, ಅದು ಯೂನಿಕೋಡ್. ಅವಳು ಪುಟ ಕಟ್ಟುವುದು ಹಳೆಯ ನುಡಿ ಫಾಂಟಿನಲ್ಲಿ. ಪರಿವರ್ತಿಸುವಾಗ ಒತ್ತಕ್ಷರ, ಅರ್ಕಾವತ್ತು ಜಾಗ ಬಿಟ್ಟು ಜಾರುವುದುಂಟು. ಅದನ್ನು ಅವಳೇ ನೋಡಿ ತಿದ್ದುತ್ತಾಳೆ. ಆದರೆ ಫೋನ್ ನಂಬರಿನ ಒಂದು ಅಂಕಿ ತಪ್ಪಿದರೆ, ತಾರೀಖಿಗೂ ವಾರಕ್ಕೂ ತಾಳೆಯಾಗದಿದ್ದರೆ, ಅದು ತಿಳಿಯುವುದು ಗಿರಾಕಿಗೆ ಮಾತ್ರ. ಅದಕ್ಕೇ ಪ್ರೂಫಿನ ಮೇಲೆ ಸಹಿ ಕೇಳುತ್ತಾರೆ.

ಮಾಸ್ತರು ಹೊಸ ಅರ್ಧ ಹಾಳೆ ತೆಗೆದು ಬರೆದರು:

"ಕಣ್ಣಿನ ತಪಾಸಣೆ ಕರಪತ್ರ. ಡೆಮಿ 1/8, ಎರಡು ಬಾಜು, ಕಪ್ಪು ಒಂದೇ ಬಣ್ಣ. 70 ಜಿಎಸ್‌ಎಂ ಬಿಳಿ ಮ್ಯಾಪ್‌ಲಿಥೊ. 3,800 ಪ್ರತಿ, ನೂರರ ಕಟ್ಟು. ಪ್ರೂಫ್ ಮಂಗಳವಾರ ಮಧ್ಯಾಹ್ನ ತೋರಿಸುವುದು, ಸಂಜೆ ಆರರೊಳಗೆ ಸಹಿ ಮಾಡಿ ಕೊಡುತ್ತೇನೆ. ಗುರುವಾರ ಸಂಜೆ ನಾಲ್ಕಕ್ಕೆ ಮಾಲು ಬೇಕು, ನಾನೇ ಬಂದು ಒಯ್ಯುತ್ತೇನೆ."

ಕೆಳಗೆ ಹೆಸರು, ಫೋನ್ ನಂಬರು, ತಾರೀಖು. ಮಾಲೀಕರು ಮೊಬೈಲಿನಲ್ಲಿ ಅದರ ಫೋಟೊ ತೆಗೆದು ಮಾಸ್ತರಿಗೇ ಕಳಿಸಿ, ಕಾಗದವನ್ನು ಸರಳಿಗೆ ಚುಚ್ಚಿದರು. ಚುನಾವಣೆಯ ಕರಪತ್ರವಾಗಿದ್ದರೆ ಇಷ್ಟರಲ್ಲಿ ಮುಗಿಯುತ್ತಿರಲಿಲ್ಲ ಎಂದೂ ಹೇಳಿದರು. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಂ ಪ್ರಕಾರ ಮುದ್ರಕರ ಮತ್ತು ಪ್ರಕಾಶಕರ ಹೆಸರು ವಿಳಾಸ ಅದರ ಮೇಲೆಯೇ ಅಚ್ಚಾಗಬೇಕು. ಪ್ರಕಾಶಕರು ಇಬ್ಬರು ಪರಿಚಿತರ ದೃಢೀಕರಣದೊಂದಿಗೆ ಘೋಷಣೆಯನ್ನೂ ಬರೆದುಕೊಡಬೇಕು.

ಗುರುವಾರ ಸಂಜೆ ನಾನು ಮತ್ತೆ ಆ ಓಣಿಗೆ ಹೋದೆ. ಮೇಜಿನ ಮೇಲೆ ನೂರರ 38 ಕಟ್ಟುಗಳಿದ್ದವು, ಪಕ್ಕದಲ್ಲಿ ಬಿಡಿಯಾಗಿ ಇಪ್ಪತ್ತು ಪ್ರತಿ. ಮಾಸ್ತರು ಸೈಕಲ್ಲಿನ ಹಿಂದೆ ಪ್ಲಾಸ್ಟಿಕ್ ಹಾಳೆ ಹೊದೆಸಿ ಕಟ್ಟುತ್ತಿದ್ದರು. ಗಡಿಯಾರ ನಾಲ್ಕೂ ಹತ್ತು ತೋರಿಸುತ್ತಿತ್ತು.