ಬೆರಳ ತುದಿ ಮತ್ತು 0.06

ಸೆಪ್ಟಿಕ್ ಶಾಕ್‌ನಲ್ಲಿರುವ ರೋಗಿಗೆ ಇನ್ನೂ ಡ್ರಿಪ್ ಹರಿಸಬೇಕೋ, ಸಾಕೋ? ರಕ್ತದ ಲ್ಯಾಕ್ಟೇಟ್ ಇಳಿಯುತ್ತಿದೆಯೇ ಎಂದು ನೋಡಿ ನಿರ್ಧರಿಸುವುದು ರೂಢಿ. ಖರ್ಚಿಲ್ಲದ ಇನ್ನೊಂದು ದಾರಿಯೂ ಇದೆ. ರೋಗಿಯ ತೋರುಬೆರಳ ತುದಿಯನ್ನು ಗಾಜಿನ ಸ್ಲೈಡ್‌ನಿಂದ ಬಿಳಿಚುವಷ್ಟು ಒತ್ತಿ, 10 ಸೆಕೆಂಡ್ ಹಿಡಿದು ಬಿಡಬೇಕು. ಬಣ್ಣ ಮರಳಲು 3 ಸೆಕೆಂಡಿಗಿಂತ ಹೆಚ್ಚು ಬೇಕಾದರೆ ರಕ್ತಸಂಚಾರ ಇನ್ನೂ ಸುಧಾರಿಸಿಲ್ಲ ಎಂದರ್ಥ.

ದಕ್ಷಿಣ ಅಮೆರಿಕದ 5 ದೇಶಗಳ 28 ಐಸಿಯುಗಳು ಸೇರಿ ಈ ಎರಡನ್ನೂ ಹೋಲಿಸಿ ನೋಡಿದವು. 'ಆಂಡ್ರೊಮೆಡಾ-ಶಾಕ್' ಎಂಬ ಆ ಪ್ರಯೋಗ 2019ರಲ್ಲಿ 'ಜಾಮಾ' ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂದೊಂದು ಗುಂಪಿನಲ್ಲಿ 212 ರೋಗಿಗಳು. 28 ದಿನಗಳೊಳಗೆ ಲ್ಯಾಕ್ಟೇಟ್ ಗುಂಪಿನಲ್ಲಿ 92 ಮಂದಿ, ಬೆರಳು ನೋಡಿದ ಗುಂಪಿನಲ್ಲಿ 74 ಮಂದಿ ತೀರಿಕೊಂಡರು. ಶೇ. 43.4 ಮತ್ತು ಶೇ. 34.9. ಪಿ-ಮೌಲ್ಯ 0.06 ಬಂತು. 0.05ರ ಗೆರೆ ದಾಟಲಿಲ್ಲವಾದ್ದರಿಂದ, ಬೆರಳು ನೋಡಿ ಮಾಡಿದ ಚಿಕಿತ್ಸೆ ಸಾವನ್ನು ತಗ್ಗಿಸಲಿಲ್ಲ ಎಂದೇ ವರದಿಯ ತೀರ್ಮಾನ ಹೇಳಿತು.

ಹದಿನೆಂಟು ಸಾವು ಕಡಿಮೆಯಾಗಿದೆ; ಆದರೂ 'ತಗ್ಗಿಸಲಿಲ್ಲ'! ಸ್ನಾತಕೋತ್ತರ ಪ್ರಬಂಧ ಬರೆಯುವ ವೈದ್ಯರು ಎಡವುವುದು ಇಲ್ಲೇ.

ಪಿ-ಮೌಲ್ಯ ಒಂದು 'ಒಂದು ವೇಳೆ'ಯಿಂದ ಹೊರಡುತ್ತದೆ. ಒಂದು ವೇಳೆ ಎರಡೂ ವಿಧಾನಗಳು ನಿಜಕ್ಕೂ ಸಮಾನವಾಗಿದ್ದರೆ, ಯಾವ ರೋಗಿ ಯಾವ ಗುಂಪಿಗೆ ಬಿದ್ದ ಎಂಬ ಅದೃಷ್ಟದಿಂದಲೇ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಕಾಣಿಸುವ ಸಾಧ್ಯತೆ 100ಕ್ಕೆ 6. ಅಷ್ಟೇ. ಚಿಕಿತ್ಸೆ ನಿಷ್ಪ್ರಯೋಜಕವಾಗಿರುವ ಸಾಧ್ಯತೆ ಶೇ. 6 ಎಂದು ಇದು ಹೇಳುವುದಿಲ್ಲ. ಕೆಲಸ ಮಾಡುವ ಸಾಧ್ಯತೆ ಶೇ. 94 ಎಂದಂತೂ ಇಲ್ಲವೇ ಇಲ್ಲ. ಸಮಾನ ಎಂದು ಮೊದಲೇ ಒಪ್ಪಿಕೊಂಡು ಹಾಕಿದ ಲೆಕ್ಕದಿಂದ, ಅವು ಸಮಾನವಾಗಿರುವ ಸಾಧ್ಯತೆ ಎಷ್ಟು ಎಂಬ ಉತ್ತರ ಹೊರಡಲಾರದು.

ಇನ್ನು ಕಾನ್ಫಿಡೆನ್ಸ್ ಇಂಟರ್ವಲ್. ಇದನ್ನು ಕೈಯಲ್ಲೇ ಲೆಕ್ಕ ಹಾಕಬಹುದು. ವ್ಯತ್ಯಾಸ 8.5 ಶೇಕಡಾಂಶ. ಇದರ ಸ್ಟ್ಯಾಂಡರ್ಡ್ ಎರರ್ ಸುಮಾರು 4.7. ಅದನ್ನು 1.96ರಿಂದ ಗುಣಿಸಿದರೆ 9.2. 8.5ರ ಎರಡೂ ಬದಿಗೆ ಇಷ್ಟನ್ನು ಚಾಚಿದರೆ, ನೂರು ರೋಗಿಗಳಲ್ಲಿ ಸುಮಾರು 18 ಸಾವು ಕಡಿಮೆ ಎಂಬಲ್ಲಿಂದ ಒಂದಕ್ಕಿಂತ ತುಸು ಕಡಿಮೆ ಸಾವು ಹೆಚ್ಚು ಎಂಬವರೆಗೆ ವ್ಯಾಪ್ತಿ ಸಿಗುತ್ತದೆ. ಈ ವಿಧಾನದಲ್ಲಿ ಮತ್ತೆ ಮತ್ತೆ ಪ್ರಯೋಗ ಮಾಡಿದರೆ, ನೂರಕ್ಕೆ ಸುಮಾರು 95 ಸಲ ಇಂಥ ವ್ಯಾಪ್ತಿಯೊಳಗೆ ನಿಜವಾದ ವ್ಯತ್ಯಾಸ ಸಿಕ್ಕಿಬೀಳುತ್ತದೆ. ಶೇ. 95 ಎಂಬುದು ವಿಧಾನದ ಗುಣ. ಕೈಯಲ್ಲಿರುವ ಈ ಒಂದು ವ್ಯಾಪ್ತಿಗೆ ಸಿಕ್ಕ ಖಾತರಿಯಲ್ಲ. ಬಳಕೆಗೆ ಹೀಗೆ ಓದಿಕೊಳ್ಳಿ: ಈ ಮಾಹಿತಿಯ ಜೊತೆ ಹೆಚ್ಚು ಜಗಳವಾಡದ ಬೆಲೆಗಳೆಲ್ಲ ಇದರೊಳಗಿವೆ; ನಡುವಿನವು ಚೆನ್ನಾಗಿ ಹೊಂದುತ್ತವೆ, ಅಂಚಿನವು ಅಷ್ಟಾಗಿ ಅಲ್ಲ.

ಈಗ 'ಸೊನ್ನೆ'ಯನ್ನು ನೋಡಿ. ಅದು ಅಂಚಿನ ಹತ್ತಿರ, ನಡುಬಿಂದುವಿನಿಂದ 8.5 ದೂರದಲ್ಲಿದೆ. ಇನ್ನೊಂದು ಬದಿಗೆ ಅಷ್ಟೇ ದೂರದಲ್ಲಿರುವುದು 17 ಅಂಶಗಳ ಇಳಿಕೆ. ಈ ಸರಳ ಲೆಕ್ಕದಲ್ಲಿ ಎರಡಕ್ಕೂ ಒಂದೇ ಪಿ-ಮೌಲ್ಯ. ಅಂದರೆ 'ವ್ಯತ್ಯಾಸವೇ ಇಲ್ಲ' ಎಂಬುದನ್ನು ಈ ಮಾಹಿತಿ ಎಷ್ಟು ಬೆಂಬಲಿಸುತ್ತದೋ, ನೂರಕ್ಕೆ 17 ಜೀವ ಉಳಿಯುತ್ತದೆ ಎಂಬುದನ್ನೂ ಅಷ್ಟೇ ಬೆಂಬಲಿಸುತ್ತದೆ. ಮೊದಲನೆಯದನ್ನು ಮಾತ್ರ ಆರಿಸಿ ತೀರ್ಮಾನದಲ್ಲಿ ಬರೆಯುವುದಕ್ಕೆ ಅಭ್ಯಾಸಬಲವಲ್ಲದೆ ಬೇರೆ ಕಾರಣ ನನಗೆ ಕಾಣುವುದಿಲ್ಲ.

ಗೆರೆಯ ಹುಚ್ಚು ಎಷ್ಟೆಂದು ತಿಳಿಯಲು 74ನ್ನು ಅಳಿಸಿ 72 ಬರೆದು ನೋಡಿ. ಇಬ್ಬರು ರೋಗಿಗಳು ಬದುಕಿದ್ದರೆ ಇದೇ ಕೈಲೆಕ್ಕದ ಪಿ-ಮೌಲ್ಯ 0.07ರಿಂದ 0.045ಕ್ಕೆ ಇಳಿಯುತ್ತದೆ (ವರದಿಯ 0.06 ರೋಗಿಗಳ ಸ್ಥಿತಿಗತಿಯನ್ನೂ ಸೇರಿಸಿ ಮಾಡಿದ ಲೆಕ್ಕ). ವರದಿಯ ತೀರ್ಮಾನ ತಲೆಕೆಳಗಾಗುತ್ತಿತ್ತು. ವ್ಯಾಪ್ತಿ ಮಾತ್ರ ಒಂದು ಅಂಶದಷ್ಟೇ ಸರಿಯುತ್ತಿತ್ತು.

ಪ್ರಯೋಗದ ವಿನ್ಯಾಸದಲ್ಲೂ ಒಂದು ಸಂಗತಿಯಿದೆ. ಸಾವು ಶೇ. 45ರಿಂದ 30ಕ್ಕೆ ಇಳಿಯಬಹುದೆಂದು ಊಹಿಸಿ ರೋಗಿಗಳ ಸಂಖ್ಯೆ ನಿಗದಿಪಡಿಸಿದ್ದರು. ಐಸಿಯುವಿನಲ್ಲಿ 15 ಅಂಶ ವಿಪರೀತ ಆಸೆ. ಅದಕ್ಕಿಂತ ಚಿಕ್ಕದಾದರೂ ಬೆಲೆಬಾಳುವ ಲಾಭವನ್ನು ಹಿಡಿಯಲು 424 ಮಂದಿ ಸಾಲುವುದಿಲ್ಲ. ವ್ಯಾಪ್ತಿ ಅಷ್ಟು ಅಗಲವಾಗಿರುವುದು ಅದಕ್ಕೇ. ಇಂಥ ಫಲಿತಾಂಶವನ್ನು ಪ್ರಬಂಧದಲ್ಲಿ ಹೀಗೆ ಬರೆಯಬಹುದು: 'ಸಾವು 8.5 ಶೇಕಡಾಂಶ ಕಡಿಮೆ ಕಂಡುಬಂತು. ಸುಮಾರು 18 ಅಂಶಗಳ ಇಳಿಕೆಯಿಂದ 1 ಅಂಶದ ಏರಿಕೆಯವರೆಗೆ ಯಾವುದನ್ನೂ ಈ ಅಧ್ಯಯನ ತಳ್ಳಿಹಾಕುವುದಿಲ್ಲ.'

0.06 ಅಂದರೆ ಗೆದ್ದಂತೆಯೇ ಎಂದು ಹಿಗ್ಗಿದವರೂ ಇದ್ದರು. 2025ರಲ್ಲಿ ಎರಡನೇ ಆಂಡ್ರೊಮೆಡಾ-ಶಾಕ್ ಪ್ರಕಟವಾಯಿತು, 1,400ಕ್ಕೂ ಹೆಚ್ಚು ರೋಗಿಗಳೊಂದಿಗೆ. ಸಾವು, ಅಂಗಾಂಗಗಳಿಗೆ ಯಂತ್ರ-ಔಷಧಿಗಳ ಆಸರೆ ಬೇಕಾದ ಅವಧಿ, ಆಸ್ಪತ್ರೆವಾಸ ಇವನ್ನು ಒಟ್ಟುಗೂಡಿಸಿದ ಅಳತೆಯಲ್ಲಿ, ಎಂದಿನ ಚಿಕಿತ್ಸೆ ಪಡೆದ ಗುಂಪಿಗಿಂತ ಬೆರಳಿನ ಗುಂಪು ಮುಂದಿತ್ತು. ಆ ಮುನ್ನಡೆ ಬಂದದ್ದು ಮುಖ್ಯವಾಗಿ ಆಸರೆಯ ಅವಧಿ ತಗ್ಗಿದ್ದರಿಂದ. ಸಾವಿನ ಪ್ರಮಾಣ ಎರಡೂ ಗುಂಪಿನಲ್ಲಿ ಹೆಚ್ಚೂಕಡಿಮೆ ಒಂದೇ ಆಗಿತ್ತು.