ಮಗುವಿನ ಹೊಸ ತುತ್ತು: ಏನಾಯಿತು, ಎಷ್ಟು ಹೊತ್ತಿಗೆ ಆಯಿತು?

ಆರು ತಿಂಗಳು ತುಂಬಿದ ಕೂಸಿಗೆ ನಮ್ಮ ಬಹುತೇಕ ಮನೆಗಳಲ್ಲಿ ಮೊದಲು ಉಣ್ಣಿಸುವುದು ರಾಗಿ ಸರಿ. ಕರಾವಳಿಯವರು ಅದನ್ನೇ ಮಣ್ಣಿ ಎನ್ನುತ್ತಾರೆ. ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ಬಟ್ಟೆಯಲ್ಲಿ ಜರಡಿ ಹಿಡಿದು ಮಾಡಿದ ಹಿಟ್ಟು ಒಳ್ಳೆಯ ಆಹಾರವೇ. ಆದರೆ ಅನೇಕ ಮನೆಗಳಲ್ಲಿ ಆ ಡಬ್ಬಿಯೊಳಗೆ ರಾಗಿಯ ಜೊತೆ ಗೋಧಿ, ಹೆಸರುಬೇಳೆ, ಹುರಿಗಡಲೆ, ಬಾದಾಮಿ, ಗೋಡಂಬಿ, ಏಲಕ್ಕಿ ಎಲ್ಲವೂ ಸೇರಿರುತ್ತವೆ. ಮೊದಲ ದಿನವೇ ಆ ಹಿಟ್ಟಿನ ಸರಿ ಉಂಡ ಮಗುವಿಗೆ ಮೈಮೇಲೆ ದದ್ದು ಎದ್ದರೆ ಕಾರಣ ಗೋಧಿಯೋ ಗೋಡಂಬಿಯೋ ಎಂದು ಯಾರೂ ಹೇಳಲಾರರು. ಕೊನೆಗೆ ಏನೂ ತಪ್ಪು ಮಾಡದ ರಾಗಿಯನ್ನೂ ಮನೆಯವರು ನಿಲ್ಲಿಸಿಬಿಡುತ್ತಾರೆ.

ಹಾಗಾಗಿ ಮೊದಲು ಬರೀ ರಾಗಿ ಅಥವಾ ಬರೀ ಅಕ್ಕಿ. ಆಮೇಲೆ ಬೇಳೆ, ಕುಂಬಳಕಾಯಿ, ಗಜ್ಜರಿ, ಹಣ್ಣು ಒಂದೊಂದಾಗಿ ಬರಲಿ. ತರಕಾರಿ, ಹಣ್ಣುಗಳ ನಡುವೆ ದಿನಗಟ್ಟಲೆ ಕಾಯಬೇಕಾಗಿಲ್ಲ. ಅಲರ್ಜಿ ತರುವ ಸಾಧ್ಯತೆ ಹೆಚ್ಚಿರುವ ಪದಾರ್ಥಗಳು ಕೆಲವೇ: ಮೊಟ್ಟೆ, ಹಸುವಿನ ಹಾಲು, ಗೋಧಿ, ಕಡಲೆಕಾಯಿ, ಗೋಡಂಬಿಯಂಥ ಬೀಜಗಳು, ಎಳ್ಳು, ಸೋಯಾ, ಮೀನು, ಸಿಗಡಿ. ಇವುಗಳಲ್ಲಿ ಒಂದನ್ನು ಕೊಟ್ಟ ಮೇಲೆ ಇನ್ನೊಂದಕ್ಕೆ ಎರಡು ಮೂರು ದಿನ ಬಿಡುವುದು ಒಳ್ಳೆಯದು. ಏನು ಕೊಟ್ಟೆವು, ಎಷ್ಟು ಗಂಟೆಗೆ ಕೊಟ್ಟೆವು ಎಂದು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಗೀಚಿಟ್ಟರೆ ಸಾಕು. ತೊಂದರೆ ಯಾವುದೆಂದು ಗುರುತಿಸಲು ವೈದ್ಯರಿಗೆ ದೊಡ್ಡ ಸುಳಿವು ಆ ಗಂಟೆಯೇ.

ಆದರೆ ಹೆತ್ತವರು ಮೊದಲು ಗಾಬರಿಯಾಗುವುದು ಮಲ ನೋಡಿ. ಎದೆಹಾಲು ಮಾತ್ರ ಕುಡಿಯುತ್ತಿದ್ದಾಗ ಹಳದಿಯಾಗಿ, ತೆಳ್ಳಗಿದ್ದದ್ದು ಈಗ ಗಟ್ಟಿಯಾಗುತ್ತದೆ, ವಾಸನೆ ಬರುತ್ತದೆ. ಬೀಟ್‌ರೂಟ್ ತಿಂದರೆ ಕೆಂಪು, ಸೊಪ್ಪು ತಿಂದರೆ ಹಸಿರು. ಬಾಳೆಹಣ್ಣು ತಿಂದ ಮರುದಿನ ಸಣ್ಣ ಕಪ್ಪು ಎಳೆಗಳು ಕಾಣುತ್ತವೆ. ಅವು ಹುಳುಗಳಲ್ಲ, ಹಣ್ಣಿನ ನಾರು. ಗಜ್ಜರಿ ತುಣುಕು ಹಾಗೇ ಹೊರಬಂದರೆ ಅದು ಅಜೀರ್ಣವೂ ಅಲ್ಲ. ಮಗು ಆಡಿಕೊಂಡು, ಉಂಡುಕೊಂಡು, ತೂಕ ಏರುತ್ತಿದ್ದರೆ ಇವಕ್ಕೆ ಔಷಧಿ ಬೇಡ.

ಮಲಬದ್ಧತೆಯ ವಿಷಯ ಬೇರೆ. ಇಂಥ ಒಂದು ಮನೆಯನ್ನು ಊಹಿಸಿಕೊಳ್ಳಿ. ಮಗುವಿಗೆ ಏಳು ತಿಂಗಳು. ತಾಯಿ ಕೆಲಸಕ್ಕೆ ಮರಳಿದ್ದಾಳೆ. ಹಗಲು ಎದೆಹಾಲಿನ ಬದಲು ಹಸುವಿನ ಹಾಲು, ಬೆಳಿಗ್ಗೆ ಸಂಜೆ ಚಮಚದಿಂದ ಬೀಳದಷ್ಟು ಗಟ್ಟಿ ಸರಿ, ಮಧ್ಯಾಹ್ನ ಅಷ್ಟಾಗಿ ಮಾಗದ ಬಾಳೆಹಣ್ಣು. ಎರಡನೇ ವಾರಕ್ಕೆ ಮಗು ನಾಲ್ಕು ದಿನಕ್ಕೊಮ್ಮೆ, ಮುಖ ಕೆಂಪಾಗಿಸಿ ತಿಣುಕಿ, ಅಳುತ್ತಾ, ಆಡಿನ ಹಿಕ್ಕೆಯಂತೆ ಗಟ್ಟಿಯಾದ ಉಂಡೆಗಳನ್ನು ಹಾಕುತ್ತದೆ. ಒಮ್ಮೆ ಅದರ ಮೇಲೆ ರಕ್ತದ ಗೆರೆ ಕಾಣುತ್ತದೆ. ಇಲ್ಲಿ ಗಮನಿಸಬೇಕಾದದ್ದು ನಾಲ್ಕು ದಿನವೆಂಬ ಲೆಕ್ಕವನ್ನಲ್ಲ, ಗಟ್ಟಿತನವನ್ನು. ಐದು ದಿನಕ್ಕೊಮ್ಮೆ ಮೆತ್ತಗೆ ಹೋಗುವ, ಎದೆಹಾಲು ಕುಡಿಯುವ ಕೂಸಿಗೆ ಮಲಬದ್ಧತೆ ಇಲ್ಲ. ದಿನಾ ಹೋದರೂ ಗಟ್ಟಿ ಉಂಡೆಯಾಗಿ ನೋವಿನಿಂದ ಹೋಗುವ ಮಗುವಿಗೆ ಇದೆ.

ಈ ಮನೆಯಲ್ಲಿ ಅಜ್ಜಿ ವೀಳ್ಯದೆಲೆಯ ತೊಟ್ಟನ್ನು ಹರಳೆಣ್ಣೆಗೆ ಅದ್ದಿ ಗುದದ್ವಾರಕ್ಕೆ ಇಡೋಣ ಎನ್ನುತ್ತಾರೆ. ಕೆಲವರು ಸೋಪಿನ ಚೂರು ಇಡುತ್ತಾರೆ. ಪ್ರೀತಿಯಿಂದಲೇ ಹೇಳುವ ಮಾತು, ಆದರೆ ದಯವಿಟ್ಟು ಮಾಡಬೇಡಿ. ಗಟ್ಟಿ ಮಲದಿಂದ ಅಲ್ಲಿ ಆಗಲೇ ಚರ್ಮ ಸೀಳಿರುತ್ತದೆ. ರಕ್ತದ ಗೆರೆ ಬಂದದ್ದು ಅದರಿಂದಲೇ. ತೊಟ್ಟು ಗಾಯವನ್ನು ಕೆದಕುತ್ತದೆ, ಸೋಪು ಸುಡುತ್ತದೆ. ನೋವಿಗೆ ಹೆದರಿದ ಮಗು ಮಲವನ್ನು ಹಿಡಿದಿಡುತ್ತದೆ, ಹಿಡಿದಷ್ಟೂ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಹರಳೆಣ್ಣೆ ಕುಡಿಸುವುದೂ ಬೇಡ. ಜೇನು ನೆಕ್ಕಿಸುವುದಂತೂ ಒಂದು ವರ್ಷದೊಳಗೆ ಅಪಾಯ. ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾದ ಬೀಜಕಣಗಳು ಎಳೆಯ ಕರುಳಿನಲ್ಲಿ ಬೆಳೆದು ನರಗಳನ್ನು ಸೋಲಿಸುವ ವಿಷ ಬಿಡಬಲ್ಲವು.

ಬದಲಾಯಿಸಬೇಕಾದದ್ದು ತಟ್ಟೆಯನ್ನು. ಸರಿ ದಿನಕ್ಕೆ ಒಂದು ಹೊತ್ತು ಸಾಕು, ಚಮಚ ಓರೆ ಮಾಡಿದರೆ ನಿಧಾನವಾಗಿ ಜಾರುವಷ್ಟು ಹದ. ಇನ್ನೊಂದು ಹೊತ್ತು ಹೆಸರುಬೇಳೆ, ಸೊಪ್ಪು, ಕುಂಬಳಕಾಯಿ ಹಾಕಿ ಬೇಯಿಸಿ ಮಸೆದ ಮೆತ್ತಗಿನ ಅನ್ನ. ಬಾಳೆಯ ಬದಲು ಚೆನ್ನಾಗಿ ಮಾಗಿದ ಪಪ್ಪಾಯಿ, ಮರಸೇಬು, ಇಲ್ಲವೇ ನಾಲ್ಕೈದು ಒಣದ್ರಾಕ್ಷಿಯನ್ನು ರಾತ್ರಿ ನೆನೆಸಿ ನುಣ್ಣಗೆ ಅರೆದದ್ದು. ಊಟದ ಜೊತೆ ಕಾಯಿಸಿ ಆರಿಸಿದ ನೀರು ಗುಟುಕು ಗುಟುಕಾಗಿ, ದಿನಕ್ಕೆ ಸುಮಾರು ಅರ್ಧ ಲೋಟ. ಹಸುವಿನ ಹಾಲನ್ನು ಮುಖ್ಯ ಆಹಾರವಾಗಿ ಒಂದು ವರ್ಷದೊಳಗೆ ಕೊಡಬಾರದು, ಅದರಲ್ಲಿ ಕಬ್ಬಿಣಾಂಶ ತೀರಾ ಕಡಿಮೆ, ಕೆಲವು ಮಕ್ಕಳಿಗೆ ಮಲವನ್ನೂ ಗಟ್ಟಿ ಮಾಡುತ್ತದೆ. ತಾಯಿ ಹಿಂಡಿಟ್ಟ ಎದೆಹಾಲೇ ಇರಲಿ. ಅದು ಆಗದಿದ್ದರೆ ಏನು ಕೊಡಬೇಕೆಂದು ವೈದ್ಯರನ್ನು ಕೇಳಿ. ಒಂದು ವಾರದಲ್ಲಿ ಮೆತ್ತಗಾಗದಿದ್ದರೆ ಮಲ ಸಡಿಲಿಸುವ ಸಿರಪ್ಪನ್ನು ಅವರೇ ತೂಕ ನೋಡಿ ಬರೆಯಲಿ. ಹೊಟ್ಟೆ ಉಬ್ಬಿ ಬಿಗಿದರೆ, ಹಸಿರು ವಾಂತಿಯಾದರೆ ಒಂದು ವಾರ ಕಾಯುವಂತಿಲ್ಲ, ಅಂದೇ ಹೋಗಬೇಕು. ತೂಕ ಏರದಿದ್ದರೆ, ಹುಟ್ಟಿದ ಮೊದಲ ಎರಡು ದಿನ ಮಗು ಮಲವನ್ನೇ ಹಾಕಿರಲಿಲ್ಲ ಎಂದಿದ್ದರೆ, ಅದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು.

ಈಗ ಕ್ಯಾಲೆಂಡರಿನ ಗಂಟೆಗೆ ಬರೋಣ. ತಿಂದ ಕೆಲವೇ ನಿಮಿಷದಿಂದ ಎರಡು ಗಂಟೆಯೊಳಗೆ ಪಿತ್ತಗಂಧೆಯಂಥ ಉಬ್ಬಿದ ದದ್ದು, ತುಟಿ ಅಥವಾ ಕಣ್ಣಿನ ಸುತ್ತ ಊತ, ವಾಂತಿ ಕಂಡರೆ ಅದು ಸಾಮಾನ್ಯವಾಗಿ ಅಲರ್ಜಿ. ಟೊಮೆಟೊ, ಕಿತ್ತಳೆ ರಸ ತಾಗಿದ ಬಾಯಿಯ ಸುತ್ತ ಮಾತ್ರ ಕೆಂಪಾಗಿ, ಒರೆಸಿದ ಸ್ವಲ್ಪ ಹೊತ್ತಿಗೆ ಮಾಯವಾದರೆ ಅದು ಹುಳಿ ತಾಗಿದ ಉರಿ ಅಷ್ಟೇ. ಕೆಮ್ಮು, ಸುಯ್ಯೆನ್ನುವ ಉಸಿರು, ದನಿ ಬದಲಾಗುವುದು, ಬಿಳಿಚಿಕೊಂಡು ಜೋಲು ಬೀಳುವುದು ಸೇರಿಕೊಂಡರೆ ಮನೆಯಲ್ಲಿ ಅಲರ್ಜಿ ಸಿರಪ್ ಕೊಟ್ಟು ಕೂರಬಾರದು. ಆಗ ಬೇಕಾದದ್ದು ಅಡ್ರಿನಲಿನ್ ಚುಚ್ಚುಮದ್ದು. 108ಕ್ಕೆ ಕರೆ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಗೆ ಓಡಿ.

ತಿಂದು ಒಂದರಿಂದ ನಾಲ್ಕು ಗಂಟೆಯ ನಂತರ, ದದ್ದೇ ಇಲ್ಲದೆ, ಮೇಲಿಂದ ಮೇಲೆ ವಾಂತಿಯಾಗಿ ಮಗು ಬಿಳಿಚಿ ಸೋತುಹೋಗುವ ಇನ್ನೊಂದು ಬಗೆಯೂ ಇದೆ. ಅಕ್ಕಿ, ಹಾಲು, ಮೊಟ್ಟೆ, ಯಾವುದರಿಂದಲೂ ಬರಬಹುದು. ಇದನ್ನು ಸುಲಭವಾಗಿ ಹೊಟ್ಟೆಯ ಸೋಂಕು ಎಂದುಕೊಂಡುಬಿಡುತ್ತಾರೆ, ಆದರೆ ಜ್ವರವಿಲ್ಲದೆ, ಅದೇ ಪದಾರ್ಥ ಕೊಟ್ಟಾಗಲೆಲ್ಲ ಮರುಕಳಿಸಿದರೆ ಅನುಮಾನ ಬರಬೇಕು. ಈ ಮಗುವಿಗೂ ತುರ್ತು ಚಿಕಿತ್ಸೆ ಬೇಕು, ಮುಖ್ಯವಾಗಿ ದ್ರವ. ಇನ್ನು ಗಂಟೆಗಳಲ್ಲದೆ ದಿನಗಳ ಮೇಲೆ ಮೆತ್ತಗಿನ ಮಲದಲ್ಲಿ ಲೋಳೆಯೂ ರಕ್ತವೂ ಕಂಡರೆ ಹಸುವಿನ ಹಾಲಿನ ಪ್ರೋಟೀನ್ ಒಗ್ಗದಿರಬಹುದು. ಗಟ್ಟಿ ಉಂಡೆಯ ಮೇಲಿನ ಗೆರೆಗೂ ಇದಕ್ಕೂ ಇರುವ ವ್ಯತ್ಯಾಸ ವೈದ್ಯರಿಗೆ ತಿಳಿಯಲೆಂದು ಡೈಪರಿನ ಫೋಟೊ ತೆಗೆದಿಟ್ಟುಕೊಳ್ಳಿ.

ಇಷ್ಟೆಲ್ಲ ಕೇಳಿದವರು ಮೊಟ್ಟೆ, ಕಡಲೆಕಾಯಿ ಎರಡು ವರ್ಷದ ಮೇಲೇ ಕೊಡೋಣ ಎನ್ನುತ್ತಾರೆ. ಹಿಂದೆ ವೈದ್ಯರೂ ಹಾಗೇ ಹೇಳುತ್ತಿದ್ದರು. 2015ರಲ್ಲಿ ಲಂಡನ್ನಿನ ಗಿಡಿಯನ್ ಲ್ಯಾಕ್ ತಂಡ 640 ಮಕ್ಕಳ ಮೇಲೆ ನಡೆಸಿದ ಅಧ್ಯಯನ ಆ ಸಲಹೆಯನ್ನು ತಿರುವಿಹಾಕಿತು. ಅಲರ್ಜಿಯ ಅಪಾಯ ಹೆಚ್ಚಿದ್ದ ಆ ಮಕ್ಕಳಲ್ಲಿ, ವರ್ಷದೊಳಗೇ ಕಡಲೆಕಾಯಿ ತಿನ್ನಲು ಶುರುಮಾಡಿದವರಿಗೆ ಐದು ವರ್ಷದ ಹೊತ್ತಿಗೆ ಅದರ ಅಲರ್ಜಿ ತೀರಾ ಕಡಿಮೆಯಾಗಿತ್ತು.

ಕೊಡುವ ಕ್ರಮ ಹೀಗೆ. ಮಗುವಿಗೆ ಜ್ವರ, ನೆಗಡಿ ಇಲ್ಲದ ದಿನ, ಬೆಳಿಗ್ಗೆ, ಮನೆಯಲ್ಲಿ ಒಬ್ಬರು ಎರಡು ಗಂಟೆ ಜೊತೆಗಿರುವಾಗ ಕೊಡಿ. ಪೂರ್ತಿ ಬೆಂದ ಮೊಟ್ಟೆಯ ಕಾಲು ಚಮಚ ಸಾಕು, ಬಿಳಿ ಭಾಗವೂ ಇರಲಿ. ಹದಿನೈದು ನಿಮಿಷ ನೋಡಿ ಇನ್ನಷ್ಟು ಕೊಡಿ, ಮುಂದಿನ ದಿನಗಳಲ್ಲಿ ಹೆಚ್ಚಿಸಿ. ಕಡಲೆಕಾಯಿಯನ್ನು ಹುರಿದು, ನುಣ್ಣಗೆ ಪುಡಿ ಮಾಡಿ, ತೆಳ್ಳಗಿನ ಸರಿಯಲ್ಲಿ ಕದಡಿ. ಇಡೀ ಕಾಳು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ತೀವ್ರ ಇಸುಬು ಇರುವ ಅಥವಾ ಆಗಲೇ ಒಂದು ಅಲರ್ಜಿ ಕಂಡಿರುವ ಮಗುವಿಗೆ ಮೊದಲು ವೈದ್ಯರನ್ನು ಕೇಳಿಯೇ ಕೊಡಬೇಕು. ಒಗ್ಗಿದ ಮೇಲೆ ಬಿಡಬೇಡಿ. ವಾರಕ್ಕೆ ಎರಡು ಸಲವಾದರೂ ತಟ್ಟೆಗೆ ಬರುತ್ತಿರಲಿ, ತಿಂಗಳುಗಟ್ಟಲೆ ಬಿಟ್ಟರೆ ಒಗ್ಗಿದ್ದೂ ಒಗ್ಗದೇ ಹೋಗಬಹುದು. ಹೀಗೆ ಗೋಧಿ, ಬಾದಾಮಿ, ಗೋಡಂಬಿ ಎಲ್ಲವೂ ಒಂದೊಂದಾಗಿ ಒಗ್ಗಿದ ಮೇಲೆ ಅವನ್ನು ಸರಿಹಿಟ್ಟಿನ ಡಬ್ಬಿಗೆ ಸೇರಿಸಿಕೊಳ್ಳಬಹುದು.